ಒಂದು ಗಂಟೆ ಮೀರಿದ ವ್ಯಾಯಾಮಕ್ಕೆ ಯಾವುದು: ನೀರೋ, ಎಳನೀರೋ, ಎಲೆಕ್ಟ್ರೋಲೈಟೋ?

ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಸುತ್ತು ಹಾಕಿ ಬಂದವರು ಎಳನೀರಿನ ಗಾಡಿ ಮುಂದೆ ನಿಂತಾಗ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಇದು ಕುಡಿದ್ರೆ ಸಾಕಲ್ವಾ? ಆ ಪುಡಿ, ಬಾಟ್ಲಿ ಎಲ್ಲ ಯಾಕೆ ಬೇಕು?" ಪಕ್ಕದಲ್ಲಿ ನಿಂತವರು, "ಬರೀ ನೀರು ಕುಡಿದ್ರೂ ನಡೆಯುತ್ತೆ ಬಿಡಿ" ಅನ್ನುತ್ತಾರೆ. ಇಬ್ಬರೂ ಹೇಳುವುದರಲ್ಲಿ ನಿಜ ಇದೆ. ಆದರೆ ಅದು ಯಾರಿಗೆ, ಎಷ್ಟು ಹೊತ್ತಿಗೆ ಅನ್ನುವುದರ ಮೇಲೆ ನಿಂತಿದೆ.

ಮೊದಲು ಒಂದು ಮಾತು ಮುಗಿಸಿಬಿಡೋಣ. ನಿಮ್ಮ ವ್ಯಾಯಾಮ ಒಂದು ಗಂಟೆಯೊಳಗೆ ಮುಗಿಯುತ್ತದೆ, ಆಮೇಲೆ ಮನೆಗೆ ಹೋಗಿ ತಿಂಡಿ ತಿನ್ನುತ್ತೀರಿ ಅಂದರೆ ನೀರೇ ಸಾಕು. ಬೇರೇನೂ ಕೊಳ್ಳುವ ಅಗತ್ಯ ಇಲ್ಲ. ಉಪ್ಪು, ಸಕ್ಕರೆ ಎರಡೂ ತಿಂಡಿಯಲ್ಲೇ ಸಿಗುತ್ತವೆ. ಈ ಬರಹ ಒಂದು ಗಂಟೆ ಮೀರಿ ಓಡುವವರಿಗೆ, ಸೈಕಲ್ ತುಳಿಯುವವರಿಗೆ, ಜೋಗಿಮಟ್ಟಿ ಹತ್ತಿ ಇಳಿಯುವವರಿಗೆ, ಗರಡಿಯಲ್ಲಿ ಎರಡು ತಾಸು ಬೆವರು ಸುರಿಸುವವರಿಗೆ.

ಯಾವುದನ್ನು ನೋಡಿ ಆರಿಸಬೇಕು

ನಾನು ನೋಡುವುದು ಮೂರು ವಿಷಯ. ಎಷ್ಟು ನೀರು ಹೋಗುತ್ತಿದೆ, ಅದರ ಜೊತೆ ಎಷ್ಟು ಉಪ್ಪು ಹೋಗುತ್ತಿದೆ, ಮಧ್ಯದಲ್ಲಿ ಶಕ್ತಿಗೆ ಸಕ್ಕರೆ ಬೇಕಾ ಬೇಡವಾ. ಬೆಲೆ, ಹೊಟ್ಟೆಗೆ ಒಗ್ಗುತ್ತದಾ, ಜೊತೆಗೆ ಒಯ್ಯಲು ಆಗುತ್ತದಾ ಅನ್ನುವುದು ಆಮೇಲಿನ ಮಾತು.

ಎಷ್ಟು ನೀರು ಹೋಗುತ್ತಿದೆ ಅಂತ ಕಂಡುಹಿಡಿಯಲು ಮನೆಯಲ್ಲಿ ಒಂದು ತೂಕದ ಯಂತ್ರ ಇದ್ದರೆ ಸಾಕು. ಹೊರಡುವ ಮುಂಚೆ ಮೂತ್ರ ಮಾಡಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಗಿ. ಬಂದ ಮೇಲೆ ಮೈ ಒರೆಸಿಕೊಂಡು, ಬೆವರು ಕುಡಿದ ಬಟ್ಟೆ ತೆಗೆದಿಟ್ಟು, ಮತ್ತೆ ತೂಗಿ. ಇಳಿದ ತೂಕಕ್ಕೆ ಮಧ್ಯದಲ್ಲಿ ಕುಡಿದದ್ದನ್ನು ಸೇರಿಸಿ. ಒಂದು ಕೆ.ಜಿ. ಅಂದರೆ ಸುಮಾರು ಒಂದು ಲೀಟರ್ ಬೆವರು ಅಂತ ಲೆಕ್ಕ.

ಇನ್ನು ಉಪ್ಪು. ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಒಂದು ಗ್ರಾಂ ಸೋಡಿಯಂ ಇರುತ್ತದೆ. ಅಡುಗೆ ಉಪ್ಪಿನ ಲೆಕ್ಕದಲ್ಲಿ ಎರಡೂವರೆ ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಕೆಲವರಿಗೆ ಇದರ ಅರ್ಧ, ಕೆಲವರಿಗೆ ಹತ್ತಿರಹತ್ತಿರ ಎರಡು ಪಟ್ಟು. ನೀವು ಯಾವ ಕಡೆಯವರು ಅಂತ ತಿಳಿಯಲು ಕಪ್ಪು ಅಥವಾ ಗಾಢ ಬಣ್ಣದ ಟೀ ಶರ್ಟ್ ಹಾಕಿಕೊಂಡು ಹೋಗಿ. ಒಣಗಿದ ಮೇಲೆ ಬೆನ್ನಿನ ಮೇಲೆ, ಕಂಕುಳ ಹತ್ತಿರ ಬಿಳಿ ಗೆರೆ ಎದ್ದಿದ್ದರೆ, ಹಣೆ ಮೇಲೆ ಕೈಯಾಡಿಸಿದಾಗ ಮರಳಿನಂತೆ ತರಿತರಿ ಅನಿಸಿದರೆ, ಕಣ್ಣಿಗೆ ಬೆವರು ಇಳಿದಾಗ ಜಾಸ್ತಿ ಉರಿದರೆ ನಿಮ್ಮ ಬೆವರಿನಲ್ಲಿ ಉಪ್ಪು ಹೆಚ್ಚು.

ನಮ್ಮ ಕಡೆ ಇದರಲ್ಲಿ ಒಂದು ಮೋಸ ಇದೆ. ದಾವಣಗೆರೆ, ಚಿತ್ರದುರ್ಗದ ಬೇಸಿಗೆ ಒಣ ಬೇಸಿಗೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಆ ಗಾಳಿಯೇ ಮೈ ಮೇಲಿನ ಬೆವರನ್ನೂ ಕ್ಷಣದಲ್ಲಿ ಒಣಗಿಸಿಬಿಡುತ್ತದೆ. ಬಟ್ಟೆ ಒದ್ದೆಯಾಗಿಲ್ಲ, ಹಾಗಾಗಿ ಬೆವರೇ ಬಂದಿಲ್ಲ ಅಂದುಕೊಳ್ಳುತ್ತೇವೆ. ಮಂಗಳೂರಿನಲ್ಲಿ ಓಡಿದವರಿಗೆ ಬೆವರು ತೊಟ್ಟಿಕ್ಕುವುದು ಕಾಣುತ್ತದೆ, ನಮಗೆ ಕಾಣುವುದಿಲ್ಲ. ಅದಕ್ಕೇ ತೂಕದ ಯಂತ್ರದ ಮಾತನ್ನು ಕಣ್ಣಿಗಿಂತ ಜಾಸ್ತಿ ನಂಬಬೇಕು.

ಸಕ್ಕರೆಯ ಲೆಕ್ಕ ಸುಲಭ. ಒಂದು ಗಂಟೆ ದಾಟಿ ಜೋರಾಗಿ ದುಡಿಸುವ ದೇಹಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಸಿಕ್ಕರೆ ಕಾಲು ಸೋಲುವುದಿಲ್ಲ. ಅದು ಕುಡಿಯುವುದರಲ್ಲೇ ಬರಬೇಕು ಅಂತೇನಿಲ್ಲ. ಜೇಬಿನಲ್ಲಿ ಬಾಳೆಹಣ್ಣು ಇದ್ದರೂ ಆಯಿತು.

ಎರಡು ತೂಕ, ಒಂದೇ ದಾರಿ

ಕಳೆದ ಏಪ್ರಿಲ್‌ನಲ್ಲಿ ನಾನು ಮತ್ತು ನನ್ನ ಭಾವಮೈದ ಬೆಳಿಗ್ಗೆ ಆರಕ್ಕೆ ದಾವಣಗೆರೆ ಬಿಟ್ಟು ಆನಗೋಡಿನ ಮೇಲೆ ಭರಮಸಾಗರದ ದಿಕ್ಕಿಗೆ ಸೈಕಲ್ ತುಳಿದೆವು. ಹೋಗಿ ಬರಲು ಒಟ್ಟು ಎರಡು ಗಂಟೆ. ಇಬ್ಬರ ಬಾಟಲಿಯಲ್ಲೂ ಬರೀ ನೀರು.

ನನ್ನ ತೂಕ ಹೋಗುವಾಗ 71.4 ಕೆ.ಜಿ., ಬಂದಾಗ 70.0. ಮಧ್ಯದಲ್ಲಿ ಕುಡಿದದ್ದು ಒಂದು ಲೀಟರ್. ಅಂದರೆ ಬೆವರಿದ್ದು 2.4 ಲೀಟರ್, ಗಂಟೆಗೆ 1.2. ಮೈ ತೂಕದ ಶೇಕಡಾ ಎರಡರಷ್ಟು ನೀರು ಕಳೆದುಕೊಂಡಿದ್ದೆ. ಅಲ್ಲಿಂದ ಮುಂದೆ ಎದೆಬಡಿತ ಏರುತ್ತದೆ, ಅದೇ ವೇಗಕ್ಕೆ ಜಾಸ್ತಿ ಕಷ್ಟ ಪಡಬೇಕಾಗುತ್ತದೆ. ಕೊನೆಯ ಅರ್ಧ ಗಂಟೆ ನನಗೆ ಆದದ್ದು ಅದೇ.

ಅವನ ಕಥೆ ಬೇರೆ. ಹೋಗುವಾಗ 64.2, ಬಂದಾಗ 64.6. ಎರಡು ಲೀಟರ್ ನೀರು ಕುಡಿದಿದ್ದ. ಬೆವರಿದ್ದು 1.6 ಲೀಟರ್ ಮಾತ್ರ. ಬಂದ ಕೂಡಲೇ, "ಭಾವ, ತಲೆ ಭಾರ ಆಗಿದೆ, ಹೊಟ್ಟೆಯಲ್ಲಿ ನೀರು ಗುಳುಗುಳು ಅಂತಿದೆ" ಅಂದ. ತಲೆ ಭಾರ ಆಗಿದ್ದಕ್ಕೆ ನೀರು ಸಾಲದು ಅಂದುಕೊಂಡು ಇನ್ನೊಂದು ಚೊಂಬು ಎತ್ತಿದ್ದ. ನಾನೇ ತಡೆದೆ. ವ್ಯಾಯಾಮದ ನಂತರ ತೂಕ ಏರಿದೆ ಅಂದರೆ ಬೇಕಾದದ್ದಕ್ಕಿಂತ ಹೆಚ್ಚು ಕುಡಿದಿದ್ದೀರಿ ಅಂತಲೇ ಅರ್ಥ.

ಎರಡು ಗಂಟೆಯಲ್ಲಿ 400 ಗ್ರಾಂ ಏರಿದ್ದರಿಂದ ಅಪಾಯ ಏನಿಲ್ಲ. ಒಂದೆರಡು ಸಲ ಮೂತ್ರವಾದರೆ ಸರಿಹೋಗುತ್ತದೆ. ಆದರೆ ಇದೇ ಅಭ್ಯಾಸದಲ್ಲಿ ನಾಲ್ಕೈದು ಗಂಟೆಯ ಓಟಕ್ಕೆ ಹೋದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತಾ ಹೋಗುತ್ತದೆ. ಮೊದಲು ತಲೆನೋವು, ಓಕರಿಕೆ, ಉಂಗುರ ಬಿಗಿಯಾಗುವಷ್ಟು ಬೆರಳು ಊದುವುದು. ಆಮೇಲೆ ಮಾತು ತಡವರಿಸುವುದು, ಗೊಂದಲ, ಫಿಟ್ಸ್. ಅಂಥ ಹೊತ್ತಿನಲ್ಲಿ ಮತ್ತೆ ನೀರು ಕುಡಿಸಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. ನೀರು ಕಮ್ಮಿಯಾದವರಿಗೂ ಹೆಚ್ಚಾದವರಿಗೂ ತಲೆನೋವು ಬರುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ತೂಕ. ಜೊತೆಗೆ ಮೂತ್ರದ ಬಣ್ಣ ನೋಡಿ: ಕಡು ಹಳದಿಯೋ, ನೀರಿನಂತೆ ತಿಳಿಯೋ.

ಈಗ ನನ್ನ ಲೆಕ್ಕವನ್ನೇ ಇಟ್ಟುಕೊಂಡು ಒಂದೊಂದನ್ನೂ ತೂಗಿ ನೋಡೋಣ. ಎರಡು ಗಂಟೆ, 2.4 ಲೀಟರ್ ಬೆವರು, ಸುಮಾರು 2,400 ಮಿ.ಗ್ರಾಂ ಸೋಡಿಯಂ. ಹೋದದ್ದನ್ನೆಲ್ಲ ದಾರಿಯಲ್ಲೇ ತುಂಬಿಸಬೇಕಾಗಿಲ್ಲ. ಗಂಟೆಗೆ 750 ಮಿ.ಲೀ.ನಂತೆ ಒಂದೂವರೆ ಲೀಟರ್ ಕುಡಿದರೆ ನನಗೆ ಸಾಕು. ಅದರಲ್ಲಿ ಲೀಟರಿಗೆ 500ರಿಂದ 700 ಮಿ.ಗ್ರಾಂ ಸೋಡಿಯಂ ಇದ್ದರೆ ಚೆನ್ನ. ಮಿಕ್ಕದ್ದು ತಿಂಡಿಯಲ್ಲಿ ಬರುತ್ತದೆ.

ಬರೀ ನೀರು

ಒಂದರಿಂದ ಒಂದೂವರೆ ಗಂಟೆಯ ವ್ಯಾಯಾಮಕ್ಕೆ ನೀರಿನ ಜೊತೆ ಒಂದು ಬಾಳೆಹಣ್ಣು ಇದ್ದರೆ ಹೆಚ್ಚಿನವರಿಗೆ ಸಾಕಾಗುತ್ತದೆ. ನನ್ನ ಭಾವಮೈದನಂತೆ ಕಮ್ಮಿ ಬೆವರುವವರಿಗೆ ಎರಡು ಗಂಟೆಗೂ ಸರಿ, ಒಂದೇ ಷರತ್ತು: ಸಿಕ್ಕಾಪಟ್ಟೆ ಕುಡಿಯಬಾರದು. ಅವನೀಗ ಎರಡು ಗಂಟೆಗೆ 1.2 ಲೀಟರ್ ಮಾತ್ರ ಒಯ್ಯುತ್ತಾನೆ. ನನ್ನಂಥ ಉಪ್ಪು ಬೆವರಿನವರಿಗೆ ಬರೀ ನೀರು ಎರಡು ಗಂಟೆಯ ಆಚೆಗೆ ಸಾಲದು. ಕುಡಿದಷ್ಟೂ ಮೂತ್ರವಾಗಿ ಹೋಗುತ್ತದೆ, ಮೈಯಲ್ಲಿ ನಿಲ್ಲುವುದಿಲ್ಲ. ಕುಡಿದ ನೀರನ್ನು ಹಿಡಿದಿಟ್ಟುಕೊಳ್ಳಲು ಸೋಡಿಯಂ ಬೇಕು.

ಎಳನೀರು

ನಮ್ಮ ಕಡೆಯವರಿಗೆ ಎಳನೀರಿನ ಮೇಲೆ ಇರುವ ನಂಬಿಕೆ ದೊಡ್ಡದು, ನನಗೂ ಅದು ಇಷ್ಟ. ಆದರೆ ಇಲ್ಲೊಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ಎಳನೀರಿನಲ್ಲಿ ಜಾಸ್ತಿ ಇರುವುದು ಪೊಟ್ಯಾಷಿಯಂ. ಬೆವರಿನಲ್ಲಿ ಜಾಸ್ತಿ ಹೋಗುವುದು ಸೋಡಿಯಂ. ಒಂದು ಲೀಟರ್ ಬೆವರಿನಲ್ಲಿ ಪೊಟ್ಯಾಷಿಯಂ ಹೋಗುವುದು ಸುಮಾರು 200 ಮಿ.ಗ್ರಾಂ ಅಷ್ಟೇ. 300 ಮಿ.ಲೀ. ನೀರಿರುವ ಒಂದೇ ಎಳನೀರಿನಲ್ಲಿ ಅದರ ಮೂರು ಪಟ್ಟು ಸಿಗುತ್ತದೆ. ಸೋಡಿಯಂ ಮಾತ್ರ ಹೆಚ್ಚುಕಡಿಮೆ 100 ಮಿ.ಗ್ರಾಂ ಅಂತಿಟ್ಟುಕೊಳ್ಳಿ. ಕಾಯಿ ಎಷ್ಟು ಬಲಿತಿದೆ, ಯಾವ ಮಣ್ಣಿನದು ಅನ್ನುವುದರ ಮೇಲೆ ಇದು ಬದಲಾಗುತ್ತದೆ.

ನನ್ನ ಒಂದೂವರೆ ಲೀಟರನ್ನು ಪೂರ್ತಿ ಎಳನೀರಲ್ಲೇ ತುಂಬಿಸಿದರೆ ಐದು ಕಾಯಿ ಬೇಕು. ಕಾಯಿಗೆ 50 ರೂಪಾಯಿ ಹಿಡಿದರೂ 250 ರೂಪಾಯಿ ಆಯಿತು. ಸಿಗುವ ಸೋಡಿಯಂ 500 ಮಿ.ಗ್ರಾಂ, ಪೊಟ್ಯಾಷಿಯಂ 3,000. ಕಳೆದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆಯೇ ಇಲ್ಲ, ಅಲ್ವಾ? ಸಕ್ಕರೆ ಒಂದು ಕಾಯಿಗೆ ಹತ್ತು ಹನ್ನೆರಡು ಗ್ರಾಂ. ಅದೇನೋ ಪರವಾಗಿಲ್ಲ.

ಹಾಗಂತ ಎಳನೀರನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಅದಕ್ಕೆ ಬೇಕಾಗಿರುವುದು ಸ್ವಲ್ಪ ಉಪ್ಪು. ಎರಡು ಕಾಯಿಯ ನೀರಿಗೆ ಕಾಲು ಟೀ ಚಮಚದಲ್ಲಿ ಅರ್ಧದಷ್ಟು ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕಲಕಿದರೆ ಸೋಡಿಯಂ 500 ಮಿ.ಗ್ರಾಂ ಹತ್ತಿರ ಬರುತ್ತದೆ. ನಿಂಬೆ ಇಲ್ಲದೆ ಬರೀ ಉಪ್ಪು ಹಾಕಿದರೆ ರುಚಿ ಕೆಡುತ್ತದೆ, ನಾನು ಹಾಗೆ ಮಾಡಿ ನೋಡಿದ್ದೇನೆ. ಗಾಡಿಯವರಿಗೆ "ಅಣ್ಣ, ಗಂಜಿ ಬೇಡ, ನೀರು ಜಾಸ್ತಿ ಇರೋದು ಕೊಡಿ" ಅಂತ ಕೇಳಿ. ಬಾಟಲಿಗೆ ತುಂಬಿಸಿದ ಎಳನೀರು ನಮ್ಮ ಬಿಸಿಲಿಗೆ ಬೇಗ ಹುಳಿ ಬರುತ್ತದೆ. ಕೊಯ್ದ ಎರಡು ತಾಸಿನೊಳಗೆ ಕುಡಿದು ಮುಗಿಸಿ, ಮುಚ್ಚಳ ತೆಗೆದಾಗ ಹುಳಿವಾಸನೆ ಬಂದರೆ ಚೆಲ್ಲಿಬಿಡಿ. ಜೋರಾಗಿ ಓಡುವಾಗ ಎಳನೀರು ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಅಂಥವರು ಅದನ್ನು ಮುಗಿದ ಮೇಲೆ, ಉಪ್ಪಿರುವ ತಿಂಡಿ ಜೊತೆ ಕುಡಿಯುವುದು ಒಳ್ಳೆಯದು. ಎಳನೀರು ಕುಡಿದು, ಪಕ್ಕದಲ್ಲೇ ಒಂದು ಪ್ಲೇಟ್ ಖಾರ ಮಂಡಕ್ಕಿ ಅಥವಾ ಬೆಣ್ಣೆ ದೋಸೆ, ಆಲೂಗಡ್ಡೆ ಪಲ್ಯ ತಿಂದರೆ ಉಪ್ಪಿನ ಲೆಕ್ಕ ತಾನಾಗೇ ಸರಿಹೋಗುತ್ತದೆ.

ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಎಳನೀರು ಕುಡಿಯಬಾರದು. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಪೊಟ್ಯಾಷಿಯಂ ಅನ್ನು ಮೈಯಲ್ಲೇ ಉಳಿಸುತ್ತವೆ. ಆ ಮಾತ್ರೆ ತೆಗೆದುಕೊಳ್ಳುವವರು ದಿನಕ್ಕೆ ಮೂರು ನಾಲ್ಕು ಎಳನೀರು ಕುಡಿಯುವ ಮುಂಚೆ ಒಂದು ಮಾತು ಕೇಳಿ. ಪೊಟ್ಯಾಷಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ.

ಎಲೆಕ್ಟ್ರೋಲೈಟ್ ಪಾನೀಯ

ಈ ಹೆಸರಿನ ಕೆಳಗೆ ಅಂಗಡಿಯಲ್ಲಿ ಸಿಗುವುದು ಒಂದೇ ಬಗೆಯದಲ್ಲ, ಗೊಂದಲ ಶುರುವಾಗುವುದೇ ಅಲ್ಲಿ.

ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣವನ್ನು ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, ಸುಮಾರು 1,700 ಮಿ.ಗ್ರಾಂ ಸೋಡಿಯಂ ಇರುತ್ತದೆ. ಇದನ್ನು ಮಾಡಿದ್ದು ವಾಂತಿ ಭೇದಿಗೆ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಾಬಿಸ್ ಸಲೈನ್ ಸಾಲದೆ ಇದೇ ಬಗೆಯ ನೀರನ್ನು ಕುಡಿಸಿ ಎಷ್ಟೋ ಜೀವ ಉಳಿಸಿದರು. ಆದರೆ ವ್ಯಾಯಾಮದ ಲೆಕ್ಕ ಬೇರೆ. ಒಂದೂವರೆ ಲೀಟರ್ ಓಆರ್‌ಎಸ್ ಕುಡಿದರೆ ನನಗೆ ಸಿಗುವ ಸೋಡಿಯಂ 2,600 ಮಿ.ಗ್ರಾಂ, ಕಳೆದುಕೊಂಡದ್ದಕ್ಕಿಂತ ಜಾಸ್ತಿ. ಸಕ್ಕರೆ ಬರೀ 20 ಗ್ರಾಂ, ಎರಡು ಗಂಟೆಯ ದುಡಿಮೆಗೆ ಏನೂ ಸಾಲದು. ಹಾಗಾಗಿ ಮಧ್ಯದಲ್ಲಿ ಕುಡಿಯಲು ಇದು ಸರಿಯಾದ ಆಯ್ಕೆ ಅಲ್ಲ. ಮುಗಿದ ಮೇಲೆ ತೂಕ ತುಂಬಾ ಇಳಿದಿದ್ದು, ಊಟ ಸೇರದೆ ಹೋದರೆ ಒಳ್ಳೆಯದು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಿ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಯುವವರನ್ನು ನೋಡಿದ್ದೇನೆ. ಅಷ್ಟು ಗಟ್ಟಿ ಉಪ್ಪುನೀರು ದೇಹದ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿಯಾಗುತ್ತದೆ.

ಓಆರ್‌ಎಸ್ ಅಂತ ಬರೆದ ಸಿಹಿ ಡಬ್ಬಿಗಳ ಬಗ್ಗೆ ಒಂದು ಎಚ್ಚರಿಕೆ. ಈ ಸೂತ್ರಕ್ಕೆ ಹೊಂದದ ಪಾನೀಯದ ಮೇಲೆ ಆ ಹೆಸರು ಬಳಸಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. ಮುಂದಿನ ಹೆಸರು ಬಿಟ್ಟು ಹಿಂದಿನ ಪಟ್ಟಿ ಓದಿ. 100 ಮಿ.ಲೀ.ಗೆ ಸೋಡಿಯಂ 40–70 ಮಿ.ಗ್ರಾಂ ಇದ್ದರೆ ಅದು ವ್ಯಾಯಾಮಕ್ಕೆ ಆಗುವ ಪಾನೀಯ. 20ಕ್ಕಿಂತ ಕಮ್ಮಿ ಇದ್ದರೆ ಸುಮ್ನೆ ಸಿಹಿ ನೀರು.

ಸ್ಪೋರ್ಟ್ಸ್ ಡ್ರಿಂಕ್ ಬಾಟಲಿಗಳಲ್ಲಿ ಸಾಮಾನ್ಯವಾಗಿ 100 ಮಿ.ಲೀ.ಗೆ ಸುಮಾರು 6 ಗ್ರಾಂ ಸಕ್ಕರೆ, 40–50 ಮಿ.ಗ್ರಾಂ ಸೋಡಿಯಂ. ನನ್ನ ಒಂದೂವರೆ ಲೀಟರ್‌ಗೆ 90 ಗ್ರಾಂ ಸಕ್ಕರೆ, 700 ಮಿ.ಗ್ರಾಂ ಹತ್ತಿರ ಸೋಡಿಯಂ. ಎರಡು ಗಂಟೆಗೆ ಇದು ಸರಿಯಾಗಿ ಕೂಡುತ್ತದೆ. ಓಟದ ದಿನ ಕೈಗೆ ಸಿಕ್ಕರೆ ಕುಡಿಯಿರಿ. ಪ್ರತಿ ವಾರ ಕೊಳ್ಳುವುದಾದರೆ ಜೇಬಿಗೆ ಭಾರ. ಅರ್ಧ ಗಂಟೆ ನಡೆದು ಬಂದು ಇದನ್ನು ಕುಡಿದರೆ ಕರಗಿಸಿದ್ದು ಅಲ್ಲೇ ವಾಪಸ್ ಬರುತ್ತದೆ. ಎನರ್ಜಿ ಡ್ರಿಂಕ್ ಬೇರೆಯೇ ಜಾತಿ. ಅದರಲ್ಲಿ ಕೆಫೀನ್ ಇರುತ್ತದೆ, ಸಕ್ಕರೆ ಇನ್ನೂ ಜಾಸ್ತಿ. ಶೇಕಡಾ ಎಂಟಕ್ಕಿಂತ ಹೆಚ್ಚು ಸಕ್ಕರೆ ಇರುವುದು ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತದೆ, ಓಡುವಾಗ ಹೊಟ್ಟೆ ತೊಳಸುತ್ತದೆ. ಹಣ್ಣಿನ ಜ್ಯೂಸಿನದೂ ಇದೇ ತೊಂದರೆ.

ನೀರಿಗೆ ಹಾಕಿದರೆ ಬುರುಬುರು ಅನ್ನುವ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಸಕ್ಕರೆ ಇರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ, ಬಾಳೆಹಣ್ಣನ್ನೋ ಖರ್ಜೂರವನ್ನೋ ಬೇರೆಯಾಗಿ ತಿನ್ನುವವರಿಗೆ ಅನುಕೂಲ. ಒಂದು ಮಾತ್ರೆಯಲ್ಲಿ ಎಷ್ಟು ಸೋಡಿಯಂ ಅಂತ ಮೊದಲು ನೋಡಿ.

ನಾನು ಮನೆಯಲ್ಲಿ ಕಲಸುವುದು

ಒಂದು ಲೀಟರ್ ನೀರು, ಮಟ್ಟಸವಾಗಿ ತುಂಬಿದ ಕಾಲು ಟೀ ಚಮಚ ಉಪ್ಪು, ನಾಲ್ಕು ದೊಡ್ಡ ಚಮಚ ಸಕ್ಕರೆ, ಒಂದು ನಿಂಬೆಹಣ್ಣಿನ ರಸ. ಸೋಡಿಯಂ ಸುಮಾರು 600 ಮಿ.ಗ್ರಾಂ, ಸಕ್ಕರೆ 50 ಗ್ರಾಂ. ಖರ್ಚು ಹತ್ತು ರೂಪಾಯಿ ಆಸುಪಾಸು. ಸಕ್ಕರೆ ಬದಲು ಬೆಲ್ಲ ಹಾಕಿ, ಶುಂಠಿ ಜಜ್ಜಿ ಹಾಕಿದರೆ ರಾಮನವಮಿಯ ಪಾನಕವೇ ಆಯಿತು, ಉಪ್ಪೊಂದು ಜಾಸ್ತಿ. ಬೆಲ್ಲವನ್ನು ಶೋಧಿಸಿ ಹಾಕಿ, ಇಲ್ಲದಿದ್ದರೆ ಬಾಟಲಿಯ ಮೂತಿಯಲ್ಲಿ ಕಸ ಕಟ್ಟುತ್ತದೆ. ಉಪ್ಪನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಚಮಚ ಗೋಪುರವಾಗಿ ತುಂಬಿದರೆ ಎರಡು ಪಟ್ಟಾಗುತ್ತದೆ. ಕಲಸಿದ ಮೇಲೆ ರುಚಿ ನೋಡಿ: ಉಪ್ಪು ಇದೆಯೋ ಇಲ್ಲವೋ ಅನ್ನುವಷ್ಟು ಇರಬೇಕು, ಕಣ್ಣೀರಿಗಿಂತ ಉಪ್ಪಾಗಿದ್ದರೆ ನೀರು ಬೆರೆಸಿ. ಉಪ್ಪು ಹಾಕಿದ ಮಜ್ಜಿಗೆಯನ್ನು ನಾನು ಮಧ್ಯದಲ್ಲಿ ಕುಡಿಯುವುದಿಲ್ಲ, ಹೊಟ್ಟೆಯಲ್ಲಿ ನಿಂತುಬಿಡುತ್ತದೆ. ಮುಗಿದ ಮೇಲೆ ಎರಡು ಲೋಟ.

ಕುಡಿಯುವುದು ಹೇಗೆ ಅನ್ನುವುದೂ ಮುಖ್ಯ. ಬಾಯಾರಿ ಒಮ್ಮೆಗೇ ಅರ್ಧ ಲೀಟರ್ ಸುರಿದುಕೊಳ್ಳುವ ಬದಲು, ನನ್ನಷ್ಟು ಬೆವರುವವರು 15–20 ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು, ಕಮ್ಮಿ ಬೆವರುವವರು ಅದರ ಅರ್ಧದಷ್ಟು ಕುಡಿಯಿರಿ. ಮನೆಗೆ ಬಂದ ಮೇಲೆ ಇಳಿದ ಪ್ರತಿ ಕೆ.ಜಿ.ಗೆ ಒಂದೂವರೆ ಲೀಟರ್‌ನಂತೆ, ಊಟ ತಿಂಡಿ ಜೊತೆ ಮೂರು ನಾಲ್ಕು ಗಂಟೆಯಲ್ಲಿ ನಿಧಾನಕ್ಕೆ.

ಯಾರಿಗೆ ಯಾವುದು

ಒಂದೂವರೆ ಗಂಟೆಯೊಳಗೆ, ತಂಪು ಹೊತ್ತಿನಲ್ಲಿ, ಗಂಟೆಗೆ ಒಂದು ಲೀಟರಿಗಿಂತ ಕಮ್ಮಿ ಬೆವರುವವರು ನೀರು ಒಯ್ಯಿರಿ, ಬಂದ ಮೇಲೆ ಮನಸ್ಸಿದ್ದರೆ ಎಳನೀರು ಕುಡಿಯಿರಿ. ಎರಡು ಗಂಟೆ ದಾಟುವವರು, ಬಟ್ಟೆಯ ಮೇಲೆ ಬಿಳಿ ಗೆರೆ ಬರುವವರು ಮನೆಯ ನಿಂಬೆ ಪಾನಕ ಅಥವಾ ಸ್ಪೋರ್ಟ್ಸ್ ಡ್ರಿಂಕ್ ಆರಿಸಿ. ಸಿಹಿ ಕುಡಿಯಲಾಗದವರಿಗೆ ಉಪ್ಪು ನಿಂಬೆ ಹಾಕಿದ ಎಳನೀರು ಚೆನ್ನಾಗಿ ಹೊಂದುತ್ತದೆ. ಹೊಸದಾಗಿ ಬೇಸಿಗೆಯಲ್ಲಿ ಶುರು ಮಾಡಿದವರಿಗೆ ಮೊದಲ ಎರಡು ವಾರ ಬೆವರಿನಲ್ಲಿ ಉಪ್ಪು ಜಾಸ್ತಿ ಹೋಗುತ್ತದೆ, ಸೆಕೆಗೆ ಮೈ ಒಗ್ಗಿದ ಮೇಲೆ ಕಮ್ಮಿಯಾಗುತ್ತದೆ. ಬಿಪಿ ಇರುವವರು ಉಪ್ಪಿನ ಪಾನೀಯವನ್ನು ಡಾಕ್ಟರ್ ಹೇಳಿದಂತೆ ಮಾತ್ರ ತೆಗೆದುಕೊಳ್ಳಿ. ಕಾಲು ಸೆಳೆತ ಬಂದಾಗಲೆಲ್ಲ ಉಪ್ಪು ಕಮ್ಮಿ ಅಂದುಕೊಳ್ಳಬೇಡಿ, ಎಷ್ಟೋ ಸಲ ಅದು ಅಭ್ಯಾಸಕ್ಕಿಂತ ಜೋರಾಗಿ ದುಡಿದ ಸ್ನಾಯುವಿನ ದಣಿವು.

ಮುಂದಿನ ಭಾನುವಾರ ಅದೇ ದಾರಿಯಲ್ಲಿ ಮತ್ತೆ ಹೋದೆವು. ನನ್ನ ಹತ್ತಿರ ಎರಡು ಬಾಟಲಿ ಪಾನಕ, ಅವನ ಹತ್ತಿರ 1.2 ಲೀಟರ್ ನೀರು ಮತ್ತು ಎರಡು ಬಾಳೆಹಣ್ಣು. ಬಂದು ತೂಗಿದಾಗ ನಾನು 900 ಗ್ರಾಂ ಇಳಿದಿದ್ದೆ, ಅವನು 400 ಗ್ರಾಂ. ಅವತ್ತು ಅವನಿಗೆ ತಲೆ ಭಾರ ಇರಲಿಲ್ಲ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಆ ದಿನದ ಚೌಕದಲ್ಲಿ ಎರಡು ತೂಕವನ್ನೂ ಬರೆದಿಟ್ಟು, ದೋಸೆ ತಿನ್ನಲು ಹೊರಟೆವು.